ಒಂದು ಕುಳಿ ಮುಂದೆ

ಮೆಹರಾಜ ಒಂದು ಕಡೆ ಕೂತು ಪೂರ್ತಿ ಚಹಾ ಕುಡಿದದ್ದನ್ನು ಅವಳ ಮನೆಯವರು ಯಾರೂ ನೋಡಿಲ್ಲ. ಅರ್ಧ ಕುಡಿದು ಕಪ್ಪನ್ನು ಕಿಟಕಿಯ ಮೇಲಿಟ್ಟು ಒಲೆ ಒರೆಸಲು ಹೋಗುತ್ತಾಳೆ. ಒಲೆ ಒರೆಸುತ್ತ ಒರೆಸುತ್ತ ಬಾಗಿಲ ಚಿಲಕ ಸಡಿಲಾಗಿದ್ದು ಕಣ್ಣಿಗೆ ಬಿದ್ದರೆ ಸ್ಕ್ರೂಡ್ರೈವರ್ ಹುಡುಕುತ್ತಾಳೆ. ಅವಳ ಅತ್ತೆ ಜುಬೇದಾಬೀ ಮೊದಮೊದಲು ಬೈಯುತ್ತಿದ್ದರು, ಆಮೇಲೆ ಸೋತು ನಗುವುದನ್ನು ಕಲಿತರು. "ಈಕಿ ಹುಟ್ಟಿದಾಗ ಇವರಪ್ಪ ಕಾಲಿಗೆ ಗಾಲಿ ಹಚ್ಚ್ಯಾನ" ಎಂದು ನೆರೆಯವರಿಗೆ ಹೇಳುತ್ತಿದ್ದರು.

ಆ ಮಾತಿನಲ್ಲಿ ಸ್ವಲ್ಪ ನಿಜವೂ ಇತ್ತು. ಮೆಹರಾಜಳ ತಂದೆ ಉಮರಸಾಬರದು ಗಂಗಾವತಿಯಲ್ಲಿ ಸೈಕಲ್ ರಿಪೇರಿ ಅಂಗಡಿ. ಚಕ್ರದ ಕಡ್ಡಿಗಳನ್ನು ಒಂದೊಂದಾಗಿ ಬಿಗಿದು, ಚಕ್ರ ತಿರುಗಿಸಿ, ಎಲ್ಲಿ ಓಲಾಡುತ್ತದೆ ನೋಡುವ ಕೆಲಸವನ್ನು ಮಗಳು ಸಾಲೆಗೆ ಹೋಗುವ ಮೊದಲೇ ಕಲಿತಿದ್ದಳು. ಓಲಾಡುವ ಚಕ್ರ ಕಂಡರೆ ಅವಳಿಗೆ ಊಟ ಸೇರುತ್ತಿರಲಿಲ್ಲ. ಮುಂದೆ ಊರಿನ ಕಾಲೇಜಿನಲ್ಲೇ ಸೂಕ್ಷ್ಮಜೀವಿಶಾಸ್ತ್ರ ಓದಿ ಬಿ.ಎಸ್ಸಿ. ಮುಗಿಸಿದಳು. ಒಂದು ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲವು ವರ್ಷ ಮೂತ್ರ, ಸಕ್ಕರೆ, ಮಲೇರಿಯಾ ಎಂದು ಅದನ್ನೇ ಮಾಡಿ ಬೇಸತ್ತಳು. ಅಷ್ಟರಲ್ಲಿ ಡಾಕ್ಟರ್ ಗವಿಸಿದ್ದಪ್ಪ ಕೋಳಿಗಳ ಲ್ಯಾಬು ತೆರೆದರು. ಅವರು ಸರ್ಕಾರಿ ಪಶುವೈದ್ಯರಾಗಿ ನಿವೃತ್ತರಾದವರು. ಕೆಳಗೆ ಕೋಳಿ ಔಷಧ, ಲಸಿಕೆಗಳ ಅಂಗಡಿ, ಮೇಲಿನ ಮಹಡಿಯಲ್ಲಿ ಲ್ಯಾಬು, ಹಿತ್ತಿಲಲ್ಲಿ ಯಾವ ಲಸಿಕೆಯನ್ನೂ ಕಾಣದ ನಾಲ್ಕು ಹುಂಜ. ಮೆಹರಾಜ ಅಲ್ಲಿ ಸೇರಿದಳು. ಗಂಡ ಆಸೀಫ ಬ್ಯಾಟರಿ ಅಂಗಡಿಯವನು, ಹೆಂಡತಿ ಮನೆಯಲ್ಲಿ ಕೂತರೆ ಮನೆಯ ಸಾಮಾನೆಲ್ಲ ಬಿಚ್ಚಿಡುತ್ತಾಳೆ ಎಂದು ಗೊತ್ತಿದ್ದವನು. ಅಡ್ಡಿ ಹೇಳಲಿಲ್ಲ.

ಅಲ್ಲಿನ ಮುಖ್ಯ ಕೆಲಸ ಕೊಕ್ಕರೆ ರೋಗದ ಪರೀಕ್ಷೆ. ಹೊರಗಿನವರು ರಾಣಿಖೇತ್ ಎನ್ನುವ ಈ ರೋಗ ಲಸಿಕೆ ಹಿಡಿಯದ ಶೆಡ್ಡಿಗೆ ಹೊಕ್ಕರೆ ಕೆಲವೇ ದಿನಗಳಲ್ಲಿ ಸಾಲುಸಾಲು ಕೋಳಿ ಮಲಗುತ್ತವೆ. ಅದಕ್ಕೇ ಸಾಕಣೆದಾರರು ಕೋಳಿಗಳ ರಕ್ತ ತಂದು, ಲಸಿಕೆ ಎಷ್ಟು ಹಿಡಿದಿದೆ ಎಂದು ನೋಡಿಸುತ್ತಾರೆ. ಅಂಗೈ ಅಗಲದ ಪ್ಲಾಸ್ಟಿಕ್ ಪ್ಲೇಟು, ಅದರಲ್ಲಿ ಎಂಟು ಸಾಲು, ಸಾಲಿಗೆ ಹನ್ನೆರಡು ಪುಟ್ಟ ಕುಳಿ, ಲ್ಯಾಬಿನವರ ಬಾಯಲ್ಲಿ ವೆಲ್. ಒಂದು ಕೋಳಿಯ ಸೀರಂಗೆ, ಅಂದರೆ ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ತಿಳಿದ್ರವಕ್ಕೆ, ಒಂದು ಸಾಲು. ಕುಳಿಗಳಿಗೆಲ್ಲ ಇಪ್ಪತ್ತೈದು ಮೈಕ್ರೊಲೀಟರ್ ಬಫರ್ ಎಂಬ ಹದದ ಉಪ್ಪುನೀರು ಹಾಕಿ, ಮೊದಲನೆಯದಕ್ಕೆ ಅಷ್ಟೇ ಸೀರಂ ಸೇರಿಸಿ ಕಲಸಿ, ಅದರಿಂದ ಇಪ್ಪತ್ತೈದು ತೆಗೆದು ಎರಡನೆಯದಕ್ಕೆ, ಎರಡನೆಯದರಿಂದ ಮೂರನೆಯದಕ್ಕೆ, ಹೀಗೆ ಸಾಗಬೇಕು. ಪ್ರತಿ ಕುಳಿಗೂ ಸೀರಂ ಹಿಂದಿನದರ ಅರ್ಧದಷ್ಟು ತೆಳುವಾಗುತ್ತದೆ. ಆಮೇಲೆ ಸತ್ತ ವೈರಸ್ಸಿನ ದ್ರವ, ಅಂದರೆ ಆಂಟಿಜೆನ್, ಸರಿಯಾದ ಹದಕ್ಕೆ ಬೆರೆಸಿ ಹಾಕಬೇಕು. ಕೊನೆಗೆ ಹಿತ್ತಿಲ ಹುಂಜದ ರಕ್ತಕಣ. ಸೀರಂನಲ್ಲಿ ಬಲವಿದ್ದರೆ ಅದು ವೈರಸ್ಸನ್ನು ಹಿಡಿದುಕೊಳ್ಳುತ್ತದೆ, ರಕ್ತಕಣಗಳು ಸುಮ್ಮನೆ ಕುಳಿಯ ತಳಕ್ಕಿಳಿದು ಕುಂಕುಮದ ಬೊಟ್ಟಿನಂತೆ ನಿಲ್ಲುತ್ತವೆ. ಬಲ ತೀರಿದ ಕುಳಿಯಿಂದ ಮುಂದೆ ವೈರಸ್ಸು ರಕ್ತಕಣಗಳನ್ನು ಬಲೆಯಂತೆ ಹರಡಿಬಿಡುತ್ತದೆ. ಎಷ್ಟನೇ ಕುಳಿಯವರೆಗೆ ಬೊಟ್ಟು ಬಂತೋ ಅದೇ ಆ ಕೋಳಿಯ ಟೈಟರ್. ಬೆಳೆದ ಕೋಳಿಗಳನ್ನು ಮೊಟ್ಟೆ ಇಡುವ ಶೆಡ್ಡಿಗೆ ಸಾಗಿಸುವ ಮುನ್ನ ಹಿಂಡಿನ ಸರಾಸರಿ ಐದಕ್ಕಿಂತ ಕೆಳಗಿದ್ದರೆ ಗವಿಸಿದ್ದಪ್ಪ ಮತ್ತೊಮ್ಮೆ ಲಸಿಕೆ ಬರೆಯುತ್ತಿದ್ದರು.

ಈ ಲೆಕ್ಕವೆಲ್ಲ ಮೊದಲು ಕೈಯಿಂದಲೇ ನಡೆಯುತ್ತಿತ್ತು. ಇವತ್ತು ಎಷ್ಟು ಸೀರಂ, ಎಷ್ಟು ಪ್ಲೇಟು, ಒಟ್ಟು ಆಂಟಿಜೆನ್ ಎಷ್ಟು, ಮೂಲ ಬಾಟಲಿಯಿಂದ ಎಷ್ಟು, ಬಫರ್ ಎಷ್ಟು. ಮೆಹರಾಜಳಿಗೆ ಅದನ್ನು ತಡೆಯಲಾಗಲಿಲ್ಲ. ಲ್ಯಾಬಿನ ಕಂಪ್ಯೂಟರಿನಲ್ಲಿ ತಾನೇ ಕಲಿತು ಒಂದು ಎಕ್ಸೆಲ್ ಹಾಳೆ ಕಟ್ಟಿದಳು. ಸೀರಂಗಳ ಸಂಖ್ಯೆ ಹಾಕಿ, ಆಂಟಿಜೆನ್ನಿನ ಬಲ ಹಾಕಿದರೆ ಸಾಕು, ಪರದೆಯ ಮೇಲೆ ಪ್ಲೇಟಿನ ನಕ್ಷೆ ಮೂಡುತ್ತಿತ್ತು. ಯಾವ ಕುಳಿಗೆ ಯಾರ ಸೀರಂ, ಯಾವುದಕ್ಕೆ ಎಷ್ಟು ಬಫರ್, ಎಲ್ಲಿಂದ ಎಲ್ಲಿಗೆ ಎಷ್ಟು ಸಾಗಿಸಬೇಕು, ಪಿಪೆಟ್ಟಿನ ತುದಿಯಲ್ಲಿ ಉಳಿದುಹೋಗುವ ಪಾಲೂ ಸೇರಿ ಒಟ್ಟು ಆಂಟಿಜೆನ್ ಎಷ್ಟು ಕಲಸಬೇಕು, ಎಲ್ಲ ಬಣ್ಣಬಣ್ಣದಲ್ಲಿ. ಲ್ಯಾಬಿನವರು ಅದನ್ನು ಬರೀ 'ನಕ್ಷೆ' ಎಂದು ಕರೆದರು. ಡಾಕ್ಟರು ಬಂದವರಿಗೆಲ್ಲ ತೋರಿಸಿದರು.

ಆ ವರ್ಷ ಚಳಿಗಾಲದ ಮೊದಲಲ್ಲೇ ಕುಷ್ಟಗಿ ಕಡೆಯ ಒಂದು ಶೆಡ್ಡಿಗೆ ಕೊಕ್ಕರೆ ಬಂದಿದೆಯೆಂಬ ಸುದ್ದಿ ಹಬ್ಬಿತು. ಲ್ಯಾಬಿಗೆ ಸೀರಂ ಟ್ಯೂಬುಗಳು ಬುಟ್ಟಿಗಟ್ಟಲೆ ಬಂದವು. ಮೆಹರಾಜಳ ಜೊತೆಗಿದ್ದವಳು ಸಹನಾ ಒಬ್ಬಳೇ. ಕಾಲೇಜು ಮುಗಿಸಿ ಈಚೆಗೆ ಸೇರಿದ ಹುಡುಗಿ. ಅದೇ ಹೊತ್ತಿಗೆ ಹಳೆಯ ಆಂಟಿಜೆನ್ ತೀರಿ, ಬೇರೆ ಕಡೆಯಿಂದ ಹೊಸ ಬಾಟಲಿ ತರಿಸಿದ್ದರು. ಹೊಸ ಬಾಟಲಿ ಬಂದಾಗ ಅದರ ಬಲವನ್ನು ಲ್ಯಾಬಿನಲ್ಲೇ ಅಳೆಯುವುದು ರೂಢಿ. ಆದರೆ ಗದ್ದಲದಲ್ಲಿ ಅದು ನಾಳೆ, ನಾಡಿದ್ದು ಎಂದು ಮುಂದಕ್ಕೆ ಹೋಯಿತು. ಬಾಟಲಿಯ ಮೇಲೆ ಸಾವಿರದ ಇಪ್ಪತ್ನಾಲ್ಕು ಎಂದು ಅಚ್ಚಾಗಿತ್ತು. ಸಹನಾ ಅದನ್ನೇ ನಕ್ಷೆಗೆ ಹಾಕಿದಳು. ಪರೀಕ್ಷೆಗೆ ಬೇಕಾದ ಬಲ ನಾಲ್ಕು ಮಾತ್ರ, ಹಾಗಾಗಿ ನಕ್ಷೆ ಅದನ್ನು ನಾಲ್ಕರಿಂದ ಭಾಗಿಸಿ, ಇನ್ನೂರ ಐವತ್ತಾರು ಪಟ್ಟು ತೆಳು ಮಾಡಿರಿ ಎಂದಿತು. ಹತ್ತು ಮಿಲಿಲೀಟರಿಗೆ ಮೂವತ್ತೊಂಬತ್ತು ಮೈಕ್ರೊಲೀಟರ್ ಆಂಟಿಜೆನ್, ಉಳಿದದ್ದು ಬಫರ್.

ಇನ್ನೊಂದು ಸಂಗತಿಯೂ ಇತ್ತು. ಪ್ರತಿ ಪ್ಲೇಟಿನಲ್ಲಿ ಆರು ಸಾಲು ಮಾತ್ರ ಸೀರಂಗೆ, ಏಳನೆಯದು ಟೈಟರ್ ಮೊದಲೇ ಗೊತ್ತಿರುವ ಸೀರಂಗೆ, ಅಂದರೆ ಕಂಟ್ರೋಲಿಗೆ, ಎಂಟನೆಯದು ಕಲಸಿದ ಆಂಟಿಜೆನ್ನಿನ ಹದ ಮರಳಿ ಪರೀಕ್ಷಿಸಲು. ಮೆಹರಾಜ ಹಿಂದಿನ ವರ್ಷ ನಕ್ಷೆಗೆ ಒಂದು ಟಿಕ್ ಗುರುತಿನ ಚೌಕ ಸೇರಿಸಿದ್ದಳು: 'ಪೂರ್ಣ ಪ್ಲೇಟು'. ಅದನ್ನು ಒತ್ತಿದರೆ ಎಂಟೂ ಸಾಲು ಸೀರಂಗೆ ಹೋಗುತ್ತಿದ್ದವು. ಗೊತ್ತಿರುವ ಸೀರಂ ದಿನದ ಮೊದಲ ಪ್ಲೇಟಿನಲ್ಲಿ ಮಾತ್ರ, ಹದದ ಪರೀಕ್ಷೆ ಎಲ್ಲೂ ಇಲ್ಲ. ಕೆಲಸ ಬೇಗ ಮುಗಿಯಲಿ ಎಂದು, ಕಾಯುವುದು ಆಗದೆ, ಅವಳೇ ಕಟ್ಟಿದ ಚೌಕ ಅದು. ಆ ದಿನಗಳಲ್ಲಿ ಅದನ್ನು ಒತ್ತಿದವಳೂ ಅವಳೇ.

ಮೊದಲ ದಿನ ಗೊತ್ತಿರುವ ಸೀರಂ ಆರನೇ ಕುಳಿಯ ಬದಲು ಏಳನೆಯದರವರೆಗೆ ಬೊಟ್ಟು ಕೊಟ್ಟಿತು. ಒಂದು ಕುಳಿ ಆಚೀಚೆ ಆದರೆ ನಡೆಯುತ್ತದೆ, ಅದು ಎಲ್ಲ ಲ್ಯಾಬುಗಳೂ ಒಪ್ಪಿದ ಮಾತು. ಎರಡನೆಯ ದಿನವೂ ಏಳು. ಮೂರನೆಯ ದಿನ ಪ್ಲೇಟನ್ನು ಓರೆ ಹಿಡಿದು ನೋಡುತ್ತಿದ್ದ ಮೆಹರಾಜಳ ಕೈ ಅಲ್ಲೇ ನಿಂತಿತು. ಮತ್ತೆ ಏಳು.

ಅವಳು ಪ್ಲೇಟು ಹಿಡಿದುಕೊಂಡೇ ಡಾಕ್ಟರ ಕೋಣೆಗೆ ಹೋದಳು.

"ಸರ್, ಕಂಟ್ರೋಲು ಮತ್ತ ಏಳು ಬಂದೈತ್ರಿ."

ಗವಿಸಿದ್ದಪ್ಪ ಕನ್ನಡಕ ಏರಿಸಿ ನೋಡಿದರು. "ಒಂದು ವೆಲ್ ಹಿಂದ ಮುಂದ ಆಗೂದು ಸಹಜ ಐತಿ, ಮೆಹರಾಜ. ಪುಸ್ತಕದಾಗ ಬರ್ದಾರ."

"ಹಿಂದ ಮುಂದ ಆಗವಲ್ದರಿ ಸರ್. ಬರೇ ಮುಂದ ಆಗಾಕತ್ತೈತಿ."

ಡಾಕ್ಟರು ಪ್ಲೇಟನ್ನು ಬೆಳಕಿಗೆ ಹಿಡಿದು ಮತ್ತೊಮ್ಮೆ ನೋಡಿದರು. ಕೆಳಗೆ ಅಂಗಡಿಯಲ್ಲಿ ಯಾರೋ ಕೂಗಿದರೆಂದು ಎದ್ದು ಹೋದರು. ಮೆಹರಾಜಳಿಗೆ ನಿಲ್ಲಲಾಗಲಿಲ್ಲ. ಬಾಗಿಲಿನಿಂದ ಫ್ರಿಜ್ಜಿಗೆ, ಫ್ರಿಜ್ಜಿನಿಂದ ಕಿಟಕಿಗೆ ಅಡ್ಡಾಡಿದಳು. ಕಣ್ಣಳತೆಯ ತಪ್ಪಾದರೆ ಒಮ್ಮೆ ಐದು, ಒಮ್ಮೆ ಏಳು ಬರಬೇಕು. ಚಕ್ರ ಒಂದೇ ಕಡೆ ಎಳೆಯುತ್ತಿದೆ ಎಂದರೆ ಯಾವುದೋ ಕಡ್ಡಿ ಸಡಿಲಾಗಿದೆ.

ಬೆಳಿಗ್ಗೆ ಕಲಸಿದ ಆಂಟಿಜೆನ್ ಇನ್ನೂ ಉಳಿದಿತ್ತು. ಅದನ್ನೇ ಒಂದು ಸಾಲಿನಲ್ಲಿ, ಸೀರಂ ಇಲ್ಲದೆ, ಅರ್ಧರ್ಧ ತೆಳು ಮಾಡುತ್ತ ಹೋಗಿ ರಕ್ತಕಣ ಹಾಕಿದಳು. ಹದ ಸರಿಯಿದ್ದರೆ ಮೊದಲ ಎರಡು ಕುಳಿಗಳಲ್ಲಿ ಬಲೆ ಹರಡಬೇಕು, ಮೂರನೆಯದರಿಂದ ಬೊಟ್ಟು. ಮುಕ್ಕಾಲು ಗಂಟೆ ಅವಳು ಕೂತಿದ್ದಕ್ಕಿಂತ ನಿಂತಿದ್ದೇ ಹೆಚ್ಚು. ಕೊನೆಗೆ ಬಗ್ಗಿ ನೋಡಿದರೆ ಬಲೆ ಒಂದೇ ಕುಳಿಯಲ್ಲಿತ್ತು. ಎರಡನೆಯದರಲ್ಲಿ ಆಗಲೇ ಕೆಂಪು ಬೊಟ್ಟು.

ಆಂಟಿಜೆನ್ ಇರಬೇಕಾದದ್ದರ ಅರ್ಧ ಬಲದ್ದಾಗಿತ್ತು.

ಮೂಲ ಬಾಟಲಿಯನ್ನೇ ಅಳೆದಳು. ಇಪ್ಪತ್ತೈದು ಮೈಕ್ರೊಲೀಟರಿನಲ್ಲಿ ಬಲ ಐನೂರ ಹನ್ನೆರಡು, ಸಾವಿರದ ಇಪ್ಪತ್ನಾಲ್ಕು ಅಲ್ಲ. ಬಾಟಲಿಯ ಜೊತೆ ಬಂದ ಚೀಟಿ ಬಿಡಿಸಿದಾಗ ಕಾರಣ ತಿಳಿಯಿತು. ಅವರು ಐವತ್ತು ಮೈಕ್ರೊಲೀಟರಿಗೆ ಅಳೆದು ಹೇಳಿದ್ದರು. ಅವರ ಲೆಕ್ಕವೂ ಸರಿ, ಇವರ ಲೆಕ್ಕವೂ ಸರಿ. ನಕ್ಷೆ ಮಾತ್ರ 'ಎಷ್ಟು ದ್ರವಕ್ಕೆ ಈ ಬಲ?' ಎಂದು ಕೇಳುತ್ತಲೇ ಇರಲಿಲ್ಲ. ನೂರ ಇಪ್ಪತ್ತೆಂಟು ಪಟ್ಟು ಮಾತ್ರ ತೆಳು ಮಾಡಬೇಕಿತ್ತು. ಮೂವತ್ತೊಂಬತ್ತಲ್ಲ, ಎಪ್ಪತ್ತೆಂಟು ಹಾಕಬೇಕಿತ್ತು. ವೈರಸ್ಸು ಅರ್ಧವೇ ಇದ್ದುದರಿಂದ ಬಲವಿಲ್ಲದ ಸೀರಂ ಕೂಡ ಅದನ್ನು ಇನ್ನೊಂದು ಕುಳಿಯವರೆಗೆ ಹಿಡಿದಿತ್ತು. ಎಲ್ಲ ಹಿಂಡುಗಳೂ ಒಂದೊಂದು ಮೆಟ್ಟಿಲು ಮೇಲೆ ಕಂಡಿದ್ದವು.

ಸಹನಾ ಕೈಯಲ್ಲಿದ್ದ ಪಿಪೆಟ್ಟು ಕೆಳಗಿಟ್ಟಳು. "ಅಕ್ಕಾ, ನಾನ ಬಾಟ್ಲಿ ಮ್ಯಾಲಿಂದು ನೋಡಿ ಹಾಕಿದ್ದು."

ಅಷ್ಟರಲ್ಲಿ ಮೇಲೆ ಬಂದಿದ್ದ ಡಾಕ್ಟರು ಅವಳ ಕಡೆ ತಿರುಗುತ್ತಿದ್ದಂತೆ ಮೆಹರಾಜ ನಡುವೆ ಬಂದಳು. "ಆಕಿದೇನೂ ತಪ್ಪಿಲ್ಲರಿ ಸರ್. ಬಲ ಹಾಕು ಅಂತ ನಕ್ಷಿ ಕೇಳ್ತು, ಆಕಿ ಹಾಕಿದ್ಲು. ಕೇಳಬೇಕಾಗಿದ್ದು ಕೇಳಲಿಲ್ಲ ಅದು. ಹದ ನೋಡೂ ಸಾಲು ತಗದಾಕಿನೂ ನಾನ."

ಮೂರು ದಿನಗಳಲ್ಲಿ ವರದಿ ಹೋಗಿದ್ದು ನಾಲ್ಕು ಶೆಡ್ಡುಗಳಿಗೆ. ಅವರ ಸೀರಂಗಳಲ್ಲಿ ಮಿಕ್ಕದ್ದು ಫ್ರಿಜ್ಜಿನಲ್ಲಿತ್ತು. ಎಲ್ಲವನ್ನೂ ಸರಿ ಹದದಲ್ಲಿ ಮತ್ತೆ ಮಾಡಿದರು. ಮೂರು ಹಿಂಡುಗಳಿಗೆ ಚಿಂತೆ ಇರಲಿಲ್ಲ, ಒಂದು ಮೆಟ್ಟಿಲು ಇಳಿದರೂ ಆರರ ಮೇಲೇ ಇದ್ದವು. ನಾಲ್ಕನೆಯದು ಯಲಬುರ್ಗಾ ಕಡೆಯ ಮಂಗಳೂರು ಎಂಬ ಹಳ್ಳಿಯ ಗಾಳೇಶನ ಹಿಂಡು. ಐದೂವರೆ ಎಂದು ಬರೆದು ಕಳಿಸಿದ್ದದ್ದು ನಾಲ್ಕೂವರೆಗೆ ಇಳಿಯಿತು. ಗಾಳೇಶ ಆ ಕೋಳಿಗಳನ್ನು ಮೊಟ್ಟೆ ಶೆಡ್ಡಿಗೆ ಸಾಗಿಸುವವನಿದ್ದ. ಮೊಟ್ಟೆ ಶುರುವಾದ ಮೇಲೆ ಲಸಿಕೆ ಕೊಟ್ಟರೆ ಇಳುವರಿಗೆ ಪೆಟ್ಟು. ಕೊಡುವುದಿದ್ದರೆ ಈಗಲೇ.

ಡಾಕ್ಟರು ಫೋನು ಮಾಡಿದರು, ಅವನು ಎತ್ತಲಿಲ್ಲ. ಮೆಹರಾಜ ಮಾಡಿದಾಗ ಎತ್ತಿದ. ಅವಳು ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದಳು.

ಆಮೇಲೆ ಗಾಳೇಶ ಹೇಳಿದ: "ಮೇಡಂ, ಮೊನ್ನೆ ಚಲೋ ಐತಿ ಅಂತ ಕಾಗದ ಕಳಿಸೀರಿ. ಇವತ್ತ ಫೋನಿನ್ಯಾಗ ಚಲೋ ಇಲ್ಲ ಅಂತೀರಿ. ಮ್ಯಾಲ ಲ್ಯಾಬು, ಕೆಳಗ ಲಸಿಕಿ ಅಂಗಡಿ. ನಾ ಏನ ತಿಳ್ಕೋಬೇಕು?"

ಫೋನು ಇಟ್ಟುಬಿಟ್ಟ.

ಮೆಹರಾಜಳಿಗೆ ಸಿಟ್ಟು ಬರಲಿಲ್ಲ. ಅವನ ಜಾಗದಲ್ಲಿ ತಾನಿದ್ದರೂ ಹಾಗೇ ಅನ್ನುತ್ತಿದ್ದೆ ಎನ್ನಿಸಿ ಇನ್ನೂ ಕಸಿವಿಸಿಯಾಯಿತು. ಆ ದಿನ ಮನೆಯಲ್ಲಿ ರೊಟ್ಟಿ ತಟ್ಟುತ್ತ ನಡುವೆ ಮೂರು ಸಲ ಕೈ ತೊಳೆದುಕೊಂಡು ಫೋನು ನೋಡಿದಳು. ಜುಬೇದಾಬೀ ಕೇಳಿದರು, "ಯಾರದರ ಜೀವಕ್ಕ ಏನರ ಆಗೈತೇನ ಬೇಟಿ?"

"ಕೋಳಿಗಳದ್ದು ಅಮ್ಮಿ. ಇನ್ನೂ ಆಗಿಲ್ಲ."

"ಆಗಿಲ್ಲಂದ್ರ ಹೋಗಿ ಹೇಳು. ಫೋನಿನ್ಯಾಗ ಹೇಳಿದ್ರ ಯಾರ ನಂಬ್ತಾರ? ಮಾರಿ ಕಾಣಬೇಕು."

ಮರುದಿನ ಅವಳು ಸ್ನಾನ ಮಾಡಿ, ಹುಂಜಗಳ ಹತ್ತಿರ ಹೋಗದೆ, ಒಗೆದ ಬಟ್ಟೆ ಹಾಕಿಕೊಂಡು ಲ್ಯಾಬಿಗೆ ಹೋದಳು. ಸಹನಾ ತಯಾರಿಸಿಟ್ಟ ರಕ್ತಕಣ, ಆಂಟಿಜೆನ್ ಬಾಟಲಿ, ಬಫರ್, ಗೊತ್ತಿರುವ ಸೀರಂ, ಗಾಳೇಶನ ಕೋಳಿಗಳ ಸೀರಂ, ಪಿಪೆಟ್ಟು, ಹೊಸ ಪ್ಲೇಟುಗಳನ್ನು ಐಸ್ ಡಬ್ಬಿಗೆ ತುಂಬಿದಳು. ಡಾಕ್ಟರು ಬಾಗಿಲಲ್ಲಿ ನಿಂತು ನೋಡಿದರು.

"ಅಲ್ಲೆ ಹೋಗಿ ಟೆಸ್ಟ್ ಮಾಡ್ತಿ ಏನ?"

"ಮಾಡಿದ ಪ್ಲೇಟು ಒಯ್ಯಾಕ ಆಗೂದಿಲ್ಲರಿ. ಬಸ್ಸಿನ್ಯಾಗ ಅಲ್ಲಾಡಿ ಬೊಟ್ಟು ಕೆಡ್ತಾವ. ಫೋಟೋ ತೋರಿಸಿದ್ರ ಆಂವ ನಂಬೂದಿಲ್ಲ." ಅವಳು ಡಬ್ಬಿಯ ಮುಚ್ಚಳ ಒತ್ತಿದಳು. "ಇನ್ನೊಂದು ಸರ್. ಲಸಿಕಿ ನಮ್ಮ ಕಡೆ ತಗೋಬ್ಯಾಡ್ರಿ ಅಂತ ಹೇಳ್ತೀನಿ."

ಡಾಕ್ಟರು ಗಲ್ಲ ಕೆರೆದುಕೊಂಡರು. "ಹೇಳು" ಎಂದರು, ಅಷ್ಟೇನೂ ಖುಷಿಯಿಲ್ಲದೆ.

ಆಸೀಫ ಬೈಕಿನಲ್ಲಿ ಬಸ್‌ಸ್ಟ್ಯಾಂಡಿಗೆ ಬಿಟ್ಟ. ಬಸ್ಸಿನಲ್ಲಿ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡಳು. ಭತ್ತದ ಗದ್ದೆಗಳು ಮುಗಿದವು, ಗಿಣಿಗೇರಿಯ ಕಾರ್ಖಾನೆಗಳ ಹೊಗೆ ಬಂತು. ಹುಲಿಗಿಯ ಗುಡಿಗೆ ಹೋಗುವವರು ಕಾಯಿ, ಬುತ್ತಿಗಂಟಿನ ಸಮೇತ ಇಳಿದರು. ಪ್ರತಿ ನಿಲ್ದಾಣದಲ್ಲೂ ಅವಳಿಗೆ ಚಾಲಕನ ಮೇಲೆ ಸಿಟ್ಟು. ಕೊಪ್ಪಳದಲ್ಲಿ ಬಸ್ಸು ಬದಲಿಸಿ ಕೂತ ಮೇಲೆ ಭೂಮಿ ಕಪ್ಪಾಗಿ, ಜೋಳ, ಕಡಲೆಯ ಹೊಲಗಳು ಹರಡಿಕೊಂಡವು. ಅವಳು ಮನಸ್ಸಿನಲ್ಲೇ ನಕ್ಷೆ ಬಿಡಿಸುತ್ತಿದ್ದಳು: ಮೇಲಿನ ಮೂರು ಸಾಲಿಗೆ ಅವನ ಸೀರಂ, ನಾಲ್ಕನೆಯದಕ್ಕೆ ಕಂಟ್ರೋಲು, ಇವಕ್ಕೆ ಮೂವತ್ತೊಂಬತ್ತರ ಹದ. ಕೆಳಗಿನ ನಾಲ್ಕಕ್ಕೆ ಅವೇ ಸೀರಂ, ಎಪ್ಪತ್ತೆಂಟರ ಹದ. ಎರಡನೇ ಪ್ಲೇಟಿನಲ್ಲಿ ಎರಡೂ ಹದಗಳ ಮರುಪರೀಕ್ಷೆ.

ಗಾಳೇಶನ ಮನೆ ಊರೊಳಗೆ, ಶೆಡ್ಡು ಹೊಲದಲ್ಲಿ. ಅವನು ಮನೆಯಲ್ಲೇ ಸಿಕ್ಕಿದ. ಮೂವತ್ತೈದರ ಆಸುಪಾಸಿನ ಗಂಡಸು, ಕಾಲೇಜು ಓದಿದವನು, ನಿದ್ದೆಗೆಟ್ಟ ಕಣ್ಣು. ಐಸ್ ಡಬ್ಬಿ ಹಿಡಿದು ನಿಂತವಳನ್ನು ಕಂಡು ಹೊಸ್ತಿಲಲ್ಲೇ ಅಡ್ಡ ನಿಂತ.

"ಶೆಡ್ಡಿಗೆ ಬರೂದಿಲ್ಲರಿ" ಎಂದಳು ಮೆಹರಾಜ ಮೊದಲೇ. "ಲ್ಯಾಬಿನಾಕಿ ನಾನು, ಕೋಳಿ ಹತ್ರ ಬರಬಾರ್ದು. ಇಲ್ಲೆ ಪಡಸಾಲ್ಯಾಗ ಒಂದು ಟೇಬಲ್ಲು ಕೊಡ್ರಿ. ನಿಮ್ಮ ಕಣ್ಣ ಮುಂದ ಮಾಡಿ ತೋರಿಸ್ತೀನಿ."

"ಅದರಾಗ ವೈರಸ್ ಐತೇನ್ರಿ?"

"ಸತ್ತದ್ದು ಐತ್ರಿ. ರೋಗ ಹಚ್ಚೂದಿಲ್ಲ."

ಅವನು ಇನ್ನೂ ಯೋಚಿಸುತ್ತಿರುವಾಗಲೇ ಅವನ ತಾಯಿ ಮುದಕಮ್ಮ ಒಳಗಿನಿಂದ ಬಂದು, ಹೊಲಿಗೆ ಯಂತ್ರದ ಮೇಲಿನ ಬಟ್ಟೆ ಸರಿಸಿ, "ಇಲ್ಲೆ ಇಡವ್ವಾ" ಎಂದರು.

ಮೆಹರಾಜ ಸೀರಂ ಟ್ಯೂಬುಗಳನ್ನು ಸಾಲಾಗಿಟ್ಟು, "ಮೂರು ನೀವ ಆರಿಸ್ರಿ" ಎಂದಳು. ಗಾಳೇಶ ಆರಿಸಿದ. ಅವಳು ಬಫರ್ ಹಾಕಿ, ಸೀರಂ ಹಾಕಿ, ಕುಳಿಯಿಂದ ಕುಳಿಗೆ ಸಾಗಿಸುತ್ತ, ಏನು ಮಾಡುತ್ತಿದ್ದೇನೆಂದು ಹೇಳುತ್ತ ಹೋದಳು. ಕೊನೆಯ ಕುಳಿಯಿಂದ ಇಪ್ಪತ್ತೈದು ತೆಗೆದು ಚೆಲ್ಲಿದಾಗ "ಅದ್ಯಾಕ ಚೆಲ್ಲಿದ್ರಿ?" ಎಂದು ಅವನು ಕೇಳಿದ. "ಇಲ್ಲಂದ್ರ ಕಡೀದು ಒಂದರಾಗ ಹೆಚ್ಚಿಗಿ ಉಳೀತೈತ್ರಿ. ಎಲ್ಲಾದ್ರಾಗೂ ಒಂದ ಅಳತಿ ಇರಬೇಕು." ಅಲ್ಲಿಂದ ಅವನು ಕುರ್ಚಿ ಎಳೆದುಕೊಂಡು ಹತ್ತಿರ ಕೂತ.

ಮೇಲಿನ ಸಾಲುಗಳಿಗೆ ಮೂವತ್ತೊಂಬತ್ತರ ಹದದ, ಕೆಳಗಿನವಕ್ಕೆ ಎಪ್ಪತ್ತೆಂಟರ ಹದದ ಆಂಟಿಜೆನ್ ಹಾಕಿ ಕಾದರು. ರಕ್ತಕಣ ಹಾಕಿ ಮತ್ತೆ ಕಾದರು. ಟೇಬಲ್ಲು ಅಲ್ಲಾಡಬಾರದೆಂದು ಮೆಹರಾಜ ಅಂಗಳಕ್ಕಿಳಿದು ಅಡ್ಡಾಡಿದಳು. ಮುದಕಮ್ಮ ಕಟ್ಟೆಯ ಮೇಲೆ ಕೂತು ಅವಳನ್ನೇ ನೋಡುತ್ತಿದ್ದರು.

"ಕುಂದ್ರ ಯವ್ವಾ. ನೀ ತಿರಗ್ಯಾಡಿದ್ರ ಅದು ಲಗೂನ ಆಕ್ಕೈತೇನು?"

"ಆಗೂದಿಲ್ಲರಿ ಅಮ್ಮಾರ. ನಂಗ ಕುಂದರಾಕ ಬರೂದಿಲ್ಲ."

ಮುದಕಮ್ಮ ಒಂದು ಹಿಡಿ ಹಸಿಕಡಲೆ ಗಿಡ ಅವಳ ಕೈಗೆ ಕೊಟ್ಟರು. "ಹಂಗಾರ ಇವನ್ನರ ಸುಲಿ." ಮೆಹರಾಜ ಅಡ್ಡಾಡುತ್ತಲೇ ಸುಲಿದಳು.

ಹೊತ್ತಾದ ಮೇಲೆ ಮೂವರೂ ಪ್ಲೇಟಿನ ಮೇಲೆ ಬಗ್ಗಿದರು. ಅವಳು ಮೆಲ್ಲಗೆ ಓರೆ ಮಾಡಿದಳು. ಬೊಟ್ಟುಗಳು ಕಣ್ಣೀರಿನಂತೆ ಕೆಳಕ್ಕೆ ಇಳಿದವು, ಬಲೆಗಳು ಹಾಗೇ ಹರಡಿಕೊಂಡಿದ್ದವು. ಗಾಳೇಶ ತಾನೇ ಬೆರಳಿಟ್ಟು ಎಣಿಸಿದ. ಮೇಲಿನ ಮೂರು ಸಾಲಿನಲ್ಲಿ ಐದು, ಆರು, ಐದು. ಕೆಳಗಿನ ಮೂರರಲ್ಲಿ ಅವೇ ಸೀರಂ: ನಾಲ್ಕು, ಐದು, ನಾಲ್ಕು.

ಅವನು ಬೆನ್ನು ನೆಟ್ಟಗೆ ಮಾಡಿದ. "ಸರಿ. ಔಷಧ ಕಡಿಮಿ ಹಾಕಿದ್ರ ಮ್ಯಾಲ ಹೋಗ್ತೈತಿ, ಹೆಚ್ಚಿಗಿ ಹಾಕಿದ್ರ ಕೆಳಗ ಬರ್ತೈತಿ. ನಿಮಗ ಬೇಕಾದಂಗ ಮಾಡಬಹುದು ಅಂತ ಆತಲ್ರಿ. ಎರಡರಾಗ ಖರೇ ಯಾವುದು?"

ಮೆಹರಾಜಳಿಗೆ ಆ ಪ್ರಶ್ನೆ ಕೇಳಿ ಎದೆ ಹಗುರಾಯಿತು. ತಾನು ಆ ಮೂರು ದಿನ ತನ್ನನ್ನೇ ಕೇಳಿಕೊಳ್ಳಬೇಕಾಗಿದ್ದದ್ದು ಇದನ್ನೇ.

"ನಾಕನೇ ಸಾಲು ನೋಡ್ರಿ. ಇದು ನಿಮ್ಮ ಕೋಳಿದಲ್ಲ. ಇದರದು ಆರು ಅಂತ ಮೊದ್ಲ ಗೊತ್ತೈತಿ. ಮೂವತ್ತೊಂಬತ್ತರಾಗ ಏಳು ಅಂತ ಹೇಳಾಕತ್ತೈತಿ. ಕೆಳಗ ಎಪ್ಪತ್ತೆಂಟರಾಗ ನೋಡ್ರಿ, ಆರು. ಗೊತ್ತಿದ್ದದ್ದನ್ನ ಸರಿ ಹೇಳೂದು, ಗೊತ್ತಿಲ್ಲದ್ದನ್ನೂ ಸರಿ ಹೇಳ್ತೈತಿ." ಎರಡನೇ ಪ್ಲೇಟು ಎಳೆದಳು. "ಇದರಾಗ ಸೀರಂ ಇಲ್ಲ. ಔಷಧದ ಹದಾ ಅಷ್ಟ. ಎರಡು ವೆಲ್ ಹರಡಬೇಕು. ಒಂದರಾಗ ಬರೇ ಒಂದ ಹರಡೈತಿ, ಇನ್ನೊಂದರಾಗ ಎರಡು."

ಗಾಳೇಶ ಬಹಳ ಹೊತ್ತು ನೋಡಿದ. ನಂಬಿದವನ ಮುಖವೂ ಅಲ್ಲ, ನಂಬದವನದೂ ಅಲ್ಲ. ಸಿಕ್ಕಿಬಿದ್ದವನ ಮುಖ.

"ನಾಳಿ ಹೊಸಾ ಶೆಡ್ಡಿಗೆ ಸಾಗ್ಸಾಕ ಆಳು ಹೇಳೇನಿ."

"ಸಾಗಿಸೂದು ನಾಕು ದಿನ ತಡೀರಿ. ಮೊದ್ಲ ನೀರಿನ್ಯಾಗ ಲಸಿಕಿ ಕೊಡ್ರಿ. ನಮ್ಮ ಅಂಗಡ್ಯಾಗ ತಗೋಬ್ಯಾಡ್ರಿ. ಕೊಪ್ಪಳದಾಗ ತಗೋರಿ, ಎಲ್ಲೆರ ತಗೋರಿ. ನಮ್ಮ ಡಾಕ್ಟ್ರಿಗೂ ಹೇಳಿ ಬಂದೀನಿ."

ಅವನು ಮೊದಲ ಬಾರಿಗೆ ಅವಳ ಮುಖ ನೋಡಿದ. "ಹಂಗಾರ ನೀವು ಯಾಕ ಬಂದ್ರಿ ಇಷ್ಟು ದೂರ?"

"ತಪ್ಪು ನಂದು ಇತ್ರಿ" ಎಂದಳು. ಪ್ಲೇಟುಗಳ ಮೇಲೆ ಬ್ಲೀಚ್ ಸುರಿದು, ಚೀಲದಲ್ಲಿ ಕಟ್ಟಿ, ಡಬ್ಬಿಗೆ ಹಾಕಿಕೊಂಡಳು. ಮುದಕಮ್ಮ ರೊಟ್ಟಿ ಉಂಡು ಹೋಗು ಎಂದು ಕೈ ಹಿಡಿದರು. ನಿಂತುಕೊಂಡೇ ಅರ್ಧ ರೊಟ್ಟಿ ತಿಂದಳು.

ಗಾಳೇಶ ಲಸಿಕೆ ಕೊಟ್ಟನೆಂದು ಅವಳಿಗೆ ತಿಳಿದದ್ದು ಕೊಪ್ಪಳದ ಔಷಧ ವ್ಯಾಪಾರಿಯೊಬ್ಬ ಡಾಕ್ಟರಿಗೆ ಮಾತಿನ ಮಧ್ಯೆ ಹೇಳಿದಾಗ. ಕೋಳಿಗಳಿಗೆ ಬೆಳಿಗ್ಗೆ ನೀರು ತಡೆಹಿಡಿದು, ಹಾಲಿನ ಪುಡಿ ಕದಡಿದ ನೀರಿನಲ್ಲಿ ಕೊಟ್ಟನಂತೆ. ಸಂಕ್ರಾಂತಿಯ ಹೊತ್ತಿಗೆ ರೋಗ ಆ ಭಾಗಕ್ಕೂ ಬಂತು. ಪಕ್ಕದ ಊರಿನ ಎರಡು ಶೆಡ್ಡುಗಳಲ್ಲಿ ಸತ್ತ ಕೋಳಿಗಳನ್ನು ಹೂಳಲು ಜೆಸಿಬಿ ತರಿಸಿದರು. ಗಾಳೇಶನ ಶೆಡ್ಡಿನಲ್ಲಿ ಒಂದು ಮೂಲೆಯ ನೀರಿನ ಪೈಪು ಕಟ್ಟಿಕೊಂಡಿತ್ತಂತೆ, ಅಲ್ಲಿನ ಕೋಳಿಗಳಿಗೆ ಲಸಿಕೆ ಸರಿಯಾಗಿ ಮುಟ್ಟಿರಲಿಲ್ಲ. ಅವು ಹೋದವು. ಉಳಿದವು ಕೆಲವು ದಿನ ಮಂಕಾಗಿ ಚೇತರಿಸಿಕೊಂಡವು.

ಅವನು ಮತ್ತೆ ಆ ಲ್ಯಾಬಿಗೆ ಸೀರಂ ಕಳಿಸಲಿಲ್ಲ. ಹೊಸಪೇಟೆಯ ಕಡೆ ಎಲ್ಲಿಗೋ ಕಳಿಸುತ್ತಾನೆಂದು ಕೇಳಿ ಗವಿಸಿದ್ದಪ್ಪ ಮುಖ ಸಣ್ಣ ಮಾಡಿಕೊಂಡರು. "ಅಷ್ಟು ಮಾಡಿದ್ರೂ ಹಿಂಗ ನೋಡು" ಎಂದರು. ಮೆಹರಾಜಳಿಗೂ ನೋವಾಯಿತು. ಆದರೆ ಎಲ್ಲೋ ಒಳಗೆ, ಒಮ್ಮೆ ತಪ್ಪಿದ ಅಳತೆಯ ಮೇಲೆ ಇಡೀ ಹಿಂಡನ್ನು ಬಿಡಲು ಯಾರಿಗಾದರೂ ಮನಸ್ಸಾಗುತ್ತದೆಯೇ ಎಂದು ಕೇಳಿಕೊಂಡಳು.

ನಕ್ಷೆಯನ್ನು ಅವಳು ಬಿಚ್ಚಿ ಮತ್ತೆ ಕಟ್ಟಿದಳು. ಈಗ ಬಲ ಹಾಕಿದರೆ ಸಾಲದು, ಎಷ್ಟು ಮೈಕ್ರೊಲೀಟರಿನಲ್ಲಿ ಅಳೆದದ್ದು ಎಂದೂ ಹಾಕಬೇಕು, ಲ್ಯಾಬಿನಲ್ಲೇ ಅಳೆದ ದಿನವನ್ನೂ ಹಾಕಬೇಕು. ಅವಿಲ್ಲದಿದ್ದರೆ ಪ್ಲೇಟು ಮೂಡುವುದಿಲ್ಲ. 'ಪೂರ್ಣ ಪ್ಲೇಟು' ಚೌಕ ಹೋಯಿತು. ಎಂಟು ಸಾಲಿನಲ್ಲಿ ಆರು ಮಾತ್ರ ಸೀರಂಗೆ, ಎಷ್ಟೇ ಗದ್ದಲವಿರಲಿ. ಡಾಕ್ಟರು ಪ್ಲೇಟು ಹೆಚ್ಚು ಖರ್ಚಾಗುತ್ತದೆ ಎಂದು ಗೊಣಗಿದರು, ಆದರೆ ತೆಗೆ ಅನ್ನಲಿಲ್ಲ.

ಬೇಸಿಗೆಯಲ್ಲಿ ಕೆಲಸ ಇಳಿದಿದ್ದ ಒಂದು ದಿನ, ಒಬ್ಬ ರೈತನ ಎರಡೇ ಎರಡು ಸೀರಂ ಬಂದವು. ಹೊಸದಾಗಿ ಬಂದ ಆಂಟಿಜೆನ್ ಬಹಳ ಗಟ್ಟಿಯದು, ಲ್ಯಾಬಿನಲ್ಲೇ ಅಳೆದು ನಾಲ್ಕು ಸಾವಿರದ ಮೇಲೆ ಬಂದಿತ್ತು. ಸಹನಾ ನಕ್ಷೆಗೆ ಎಲ್ಲವನ್ನೂ ತುಂಬಿ, ಕೈಯಲ್ಲಿ ಪಿಪೆಟ್ಟು ಹಿಡಿದು, ಹಾಗೇ ನಿಂತಳು.

"ಅಕ್ಕಾ, ಬರ್ರಿ ಇಲ್ಲೆ. ಸಾವಿರ ಮೈಕ್ರೊಲೀಟರ್ ಕಲಸಬೇಕು, ಅದಕ್ಕ ಬರೇ ಒಂದು ತಗೋ ಅನ್ನಾಕತ್ತೈತಿ. ಅಷ್ಟು ಸಣ್ಣದು ಈ ಪಿಪೆಟ್ಟಿನ್ಯಾಗ ಹೆಂಗ ಬರ್ತೈತ್ರಿ?"

ಮೆಹರಾಜ ಓಡಿ ಬಂದು ಪರದೆಗೆ ಬಗ್ಗಿದಳು. ಲೆಕ್ಕ ಸರಿಯಿತ್ತು. ಆದರೆ ಅಷ್ಟು ಪುಟ್ಟ ಹನಿಯನ್ನು ಯಾವ ಕೈಯೂ ನಂಬಿಕೆಯಿಂದ ಎತ್ತಲಾರದು.

"ಎರಡು ಹೆಜ್ಜಿ ಮಾಡಬೇಕು" ಎಂದಳು, ಆಗಲೇ ಕೀಬೋರ್ಡಿನ ಮೇಲೆ ಬೆರಳಾಡಿಸುತ್ತ. "ಮೊದ್ಲ ಹತ್ತು ತಗೊಂಡು ತೊಂಬತ್ತು ಬಫರಿಗೆ. ಆಮ್ಯಾಲ ಅದರಾಗಿಂದು ಹತ್ತರಷ್ಟು. ಎರಡಕ್ಕಿಂತ ಸಣ್ಣದು ಬಂದ್ರ ಇದು ತಾನ ಎರಡು ಹೆಜ್ಜಿ ಕೇಳಬೇಕು, ಇಲ್ಲಾ ನಿಂದರಬೇಕು."

"ಈಗ ಕೈಲೆ ಮಾಡೂನ್ರಿ ಅಕ್ಕಾ, ನಕ್ಷಿ ನಾಳಿ ಮಾಡ್ರಿ. ಚಹಾ ಆರಾಕತ್ತೈತಿ."

ಮೆಹರಾಜಳಿಗೆ ಕೇಳಿಸಲಿಲ್ಲ. ಅವಳು ಕುರ್ಚಿಯನ್ನು ಕಾಲಿನಿಂದ ಪಕ್ಕಕ್ಕೆ ತಳ್ಳಿ, ನಿಂತುಕೊಂಡೇ ಹೊಸ ಸಾಲೊಂದನ್ನು ಬರೆಯತೊಡಗಿದ್ದಳು.